ಕ್ಯಾಂಪಸ್ ಸಿಸಿಟಿವಿ: ಸ್ಟೋರೇಜ್ ಮತ್ತು ನೆಟ್‌ವರ್ಕ್ ಲೆಕ್ಕ, ಶಿರಸಿ

ಮಾನ್ಯ ಪ್ರಾಂಶುಪಾಲರೇ,

ನೀವು ಕೇಳಿದ್ದು 48 ಕ್ಯಾಮೆರಾ, 30 ದಿನದ ರೆಕಾರ್ಡಿಂಗ್. ಲೆಕ್ಕ ಇಲ್ಲಿದೆ. ಇದನ್ನು ಜುಲೈ ತಿಂಗಳ ಜಡಿಮಳೆಯ ರಾತ್ರಿಗೆ ಹಾಕಿದ್ದೇನೆ, ಬೇಸಿಗೆಯ ಹಗಲಿಗಲ್ಲ. ಕಾರಣ ಮುಂದೆ ಹೇಳುತ್ತೇನೆ.

ವರಾಂಡ, ಮೆಟ್ಟಿಲುಗಳಿಗೆ 2 ಮೆಗಾಪಿಕ್ಸೆಲ್‌ನ 36 ಕ್ಯಾಮೆರಾ. ಗೇಟು, ಫೀಸ್ ಕೌಂಟರ್, ಲ್ಯಾಬ್‌ಗಳಲ್ಲಿ ಮುಖ ಮತ್ತು ಗಾಡಿ ನಂಬರ್ ಗುರುತು ಸಿಗಬೇಕು, ಹಾಗಾಗಿ ಅಲ್ಲಿ 4 ಮೆಗಾಪಿಕ್ಸೆಲ್‌ನ 12. ಎಲ್ಲವೂ ವಿಡಿಯೊ ಕುಗ್ಗಿಸುವ ಎಚ್.265 ವಿಧಾನದಲ್ಲಿ, ಸೆಕೆಂಡಿಗೆ 15 ಫ್ರೇಮ್. ಬಿಟ್‌ರೇಟ್ ಎಂದರೆ ಸೆಕೆಂಡಿಗೆ ಹರಿಯುವ ಡೇಟಾ; ಅದರ ಮಿತಿಯನ್ನು ಕ್ಯಾಮೆರಾದಲ್ಲೇ ಕ್ರಮವಾಗಿ 2 ಮತ್ತು 4 ಎಂಬಿಪಿಎಸ್‌ಗೆ ಕಟ್ಟಿಡುತ್ತೇವೆ.

```
36 x 2 + 12 x 4 = 120 Mbps
120 x 86400 / 8 = 1296000 MB = 1.296 TB / day
1.296 x 30 = 38.88 TB
38.88 x 1.15 = 44.7 TB
```

86400 ಎಂದರೆ ಒಂದು ದಿನದ ಸೆಕೆಂಡುಗಳು, 8 ಬಿಟ್‌ಗೆ ಒಂದು ಬೈಟ್. ಕೊನೆಯ ಸಾಲಿನ ಶೇಕಡಾ 15 ಮುಂದೆ ಒಂದೆರಡು ಕ್ಯಾಮೆರಾ ಸೇರಿಸಲು. 8 ಟಿಬಿಯ 8 ಡಿಸ್ಕ್ ತೆಗೆದುಕೊಂಡು ರೈಡ್ 6 ಮಾಡಿದರೆ 48 ಟಿಬಿ ಸಿಗುತ್ತದೆ. ಒಟ್ಟಿಗೆ ಎರಡು ಡಿಸ್ಕ್ ಕೆಟ್ಟರೂ ವಿಡಿಯೊ ಉಳಿಯುತ್ತದೆ. ಪರದೆ ಮೇಲೆ ಸುಮಾರು 43.7 ಎಂದು ಕಂಡರೆ ಗಾಬರಿ ಬೇಡ. ಅದು 1000ದ ಬದಲು 1024ರಲ್ಲಿ ಎಣಿಸುವ ರೀತಿ ಅಷ್ಟೇ.

ಈಗ ಮಳೆಯ ವಿಷಯ. "ಚಲನೆ ಇದ್ದಾಗ ಮಾತ್ರ ರೆಕಾರ್ಡ್ ಮಾಡಿದರೆ ಅರ್ಧ ಡಿಸ್ಕ್ ಸಾಕು" ಎಂದು ಕೊಟೇಶನ್ ಕೊಟ್ಟವರು ಹೇಳಿದ್ದಾರೆ. ನಮ್ಮೂರಿಗೆ ಅದು ನಡೆಯುವುದಿಲ್ಲ. ರಾತ್ರಿ ಇನ್‌ಫ್ರಾರೆಡ್ ಬೆಳಕಿಗೆ ಮಳೆಹನಿ ಬಿಳಿ ಗೆರೆಯಾಗಿ ಹೊಳೆಯುತ್ತದೆ. ಹುಳ ಮುತ್ತುತ್ತದೆ, ಜೇಡ ಬಲೆ ಕಟ್ಟುತ್ತದೆ. ಹಾಸ್ಟೆಲ್ ಹಿಂದಿನ ಅಡಿಕೆ ಮರಗಳು ಗಾಳಿಗೆ ತೂಗುತ್ತಲೇ ಇರುತ್ತವೆ. ಕ್ಯಾಮೆರಾಕ್ಕೆ ಇದೆಲ್ಲ ಚಲನೆಯೇ, ಅಲ್ವಾ? ಹಿಂದೆ ಒಂದು ಕಡೆ ಇದೇ ಮಾತು ನಂಬಿ ಡಿಸ್ಕ್ ಕಡಿಮೆ ಹಾಕಿದ್ದೆವು. ಮಳೆಗಾಲದಲ್ಲಿ ಕಳ್ಳತನವಾಗಿ ಹುಡುಕಿದಾಗ 30 ದಿನದ ಜಾಗದಲ್ಲಿ 19 ದಿನದ್ದೇ ಇತ್ತು. ಬೇಕಾದ ದಿನ ಅಳಿಸಿಹೋಗಿತ್ತು. ಇಲ್ಲಿ ಹಾಗಾಗಬಾರದು.

ನೆಟ್‌ವರ್ಕ್‌ಗೆ ಬಂದರೆ, ಮುಖ್ಯ ಕಟ್ಟಡದ 20 ಕ್ಯಾಮೆರಾಗಳಿಂದ 50 ಎಂಬಿಪಿಎಸ್, ಲೈಬ್ರರಿ-ಲ್ಯಾಬ್ ಕಡೆಯ 14ರಿಂದ 38, ಹಾಸ್ಟೆಲಿನ 14ರಿಂದ 32. ವಿಡಿಯೊ ರೆಕಾರ್ಡ್ ಮಾಡುವ ಎನ್‌ವಿಆರ್ ಪೆಟ್ಟಿಗೆಯ ಹತ್ತಿರ ಒಟ್ಟು 120 ಸೇರುತ್ತದೆ. ಆಫೀಸಿನಲ್ಲಿರುವ ಹಳೇ 100 ಎಂಬಿಪಿಎಸ್ ಸ್ವಿಚ್ ಇದನ್ನು ಹೊರುವುದಿಲ್ಲ, ಗಿಗಾಬಿಟ್ ಸ್ವಿಚ್ಚೇ ಬೇಕು. ವಿದ್ಯಾರ್ಥಿಗಳ ವೈಫೈ ಜೊತೆ ಕಲೆಯದಂತೆ ಕ್ಯಾಮೆರಾಗಳಿಗೆ ಬೇರೆ ವಿಎಲ್ಎಎನ್, ಅಂದರೆ ಅದೇ ಸ್ವಿಚ್‌ನೊಳಗೆ ಪ್ರತ್ಯೇಕ ನೆಟ್‌ವರ್ಕ್, ಇಡೋಣ.

ಹಾಸ್ಟೆಲ್ 180 ಮೀಟರ್ ದೂರ. ತಾಮ್ರದ ಲ್ಯಾನ್ ಕೇಬಲ್ 100 ಮೀಟರ್ ದಾಟುವಂತಿಲ್ಲ. ಅಲ್ಲಿಗೆ ಫೈಬರ್ ಎಳೆಯಬೇಕು. ಏಪ್ರಿಲ್-ಮೇ ಗುಡುಗು ಸಿಡಿಲಿನಲ್ಲಿ ಕಟ್ಟಡದಿಂದ ಕಟ್ಟಡಕ್ಕೆ ವಿದ್ಯುತ್ ಹರಿಯದಂತೆಯೂ ಅದು ತಡೆಯುತ್ತದೆ.

ನೀವು, ವಾರ್ಡನ್ ಮತ್ತು ಮ್ಯಾನೇಜರ್ ಮೊಬೈಲಿನಲ್ಲಿ ನೋಡಲು ಸಬ್‌ಸ್ಟ್ರೀಮ್, ಅಂದರೆ ಕ್ಯಾಮೆರಾ ಕಳಿಸುವ ಕಡಿಮೆ ಗುಣಮಟ್ಟದ ಎರಡನೇ ವಿಡಿಯೊ, ಸಾಕು. ತಲಾ 0.5ರಂತೆ 1.5 ಎಂಬಿಪಿಎಸ್ ಅಪ್‌ಲೋಡ್. ಇದಕ್ಕಾಗಿ ಇಂಟರ್ನೆಟ್ ಪ್ಲ್ಯಾನ್ ಬದಲಿಸಬೇಕಿಲ್ಲ.

ದುಡ್ಡು ಸಾಲದಿದ್ದರೆ ಡಿಸ್ಕ್ ಕಡಿಮೆ ಮಾಡಬೇಡಿ. ವರಾಂಡದ 6 ಕ್ಯಾಮೆರಾ ಮುಂದಿನ ವರ್ಷಕ್ಕೆ ಬಿಡೋಣ. ಯಾವ 6 ಎಂಬುದನ್ನು ಸೋಮವಾರ ಜೊತೆಗೆ ನಡೆದು ನೋಡಿ ಗುರುತು ಹಾಕೋಣ.

ಇಂತಿ,
ಕಂಪ್ಯೂಟರ್ ಲ್ಯಾಬ್ ಮೇಲ್ವಿಚಾರಕ