ಮೇಡಂ, ನಿಮ್ಮ ಮಾತು ಸರಿ, ಆದರೆ ಜಮೀನು ನಂದಲ್ಲ

ಮೇಡಂ, ನಮಸ್ಕಾರ. ಭಾನುವಾರ ಹೊಸಕೋಟೆ ಕಡೆ ನಮ್ಮೂರಿಗೆ ಬಂದು ಮಣ್ಣಿನ ಬಗ್ಗೆ ಮಾತಾಡಿದಿರಲ್ಲ, ಪ್ರಶ್ನೆ ಕೇಳುವ ಹೊತ್ತಿಗೆ ಊಟ ಬಂತು, ಎಲ್ಲರೂ ಎದ್ದರು. ಬರೆದು ಕಳಿಸಿ ಅಂದಿರಿ, ಅದಕ್ಕೇ ಇದು.

ಮೊದಲು ದೊಡ್ಡ ಪ್ರಶ್ನೆ. ಮೂರು ವರ್ಷದ ಬೆಳೆ ಪರಿವರ್ತನೆ ಅಂದಿರಿ. ನನ್ನದು ಒಂದು ಎಕರೆ, ಮಿಕ್ಕ ಎರಡು ಎಕರೆ ಬಾಯಿಮಾತಿನ ಗುತ್ತಿಗೆ, ಯುಗಾದಿಯಿಂದ ಯುಗಾದಿಗೆ. ಮಾಲೀಕರು ಬೆಂಗಳೂರಲ್ಲಿದ್ದಾರೆ, ಲೇಔಟ್‌ನವರು ಒಳ್ಳೆ ರೇಟು ಕೇಳಿದ ದಿನ ನಾನು ಜಾಗ ಖಾಲಿ ಮಾಡಬೇಕು. ಒಂದು ಲೋಡು ಕೊಟ್ಟಿಗೆ ಗೊಬ್ಬರಕ್ಕೆ ಸಾವಿರಗಟ್ಟಲೆ ಆಗುತ್ತೆ, 45 ಕೆಜಿ ಯೂರಿಯಾ ಚೀಲ 300ರ ಒಳಗೆ ಸಿಗುತ್ತೆ. ಗೊಬ್ಬರದ ಸತ್ವ ಎರಡು ಮೂರು ವರ್ಷ ನಿಧಾನಕ್ಕೆ ಸಿಗುತ್ತೆ ಅಂತ ನೀವೇ ಹೇಳಿದಿರಿ. ಆಗ ಅಲ್ಲಿ ಸೈಟ್ ಕಲ್ಲು ನೆಟ್ಟಿರುತ್ತಾರೆ ಅಲ್ವಾ? ಒಂದೇ ವರ್ಷದಲ್ಲಿ ನನ್ನ ಕೈಗೆ ವಾಪಸ್ ಬರುವಂಥದ್ದು ಏನು ಮಾಡಲಿ? ಕುರಿ ಮಂದೆ ಕೂರಿಸಿದರೆ ಸಾಕಾ, ಎಕರೆಗೆ ಎಷ್ಟು ರಾತ್ರಿ?

ಎರಡನೆಯದು ಹಸಿರೆಲೆ ಗೊಬ್ಬರಕ್ಕೆ ಬಿತ್ತುವ ಅಪ್ಸೆಣಬು. ಹೂವು ಬರುವ ಹೊತ್ತಿಗೆ, ಅಂದರೆ 45 ದಿನಕ್ಕೆ ಉತ್ತು ಸೇರಿಸಿ ಅಂದಿರಿ. ಮೇ ಮಳೆಗೆ ಬಿತ್ತಿ ಜೂನಲ್ಲಿ ಮಳೆ ಕೈಕೊಟ್ಟರೆ? ಇರುವ ತೇವ ಎಲ್ಲ ಅದೇ ಕುಡಿದು, ಆಮೇಲೆ ರಾಗಿ ಒಣಗಿದರೆ ಬೈಗುಳ ನನಗೇ. ಅದರ ಬದಲು ಅಲಸಂದೆ ಹಾಕಿ, ಕಾಯಿ ಕಿತ್ತು ಮಾರಿ, ಗಿಡ ಮಾತ್ರ ಮಣ್ಣಿಗೆ ಸೇರಿಸಿದರೆ ಎಷ್ಟು ಸತ್ವ ಕಮ್ಮಿಯಾಗುತ್ತೆ? ಅರ್ಧ ಸಿಕ್ಕರೂ ನಾನು ಒಪ್ಪುತ್ತೇನೆ, ಕೈಗೆ ನಾಲ್ಕು ಕಾಸಂತೂ ಬರುತ್ತೆ.

ಟೊಮೆಟೊ ಮೇಲೆ ಟೊಮೆಟೊ ಬೇಡ ಅಂದಿರಿ. ಗೊತ್ತು. ಸೊರಗು ರೋಗಕ್ಕೆ ಹೋದ ವರ್ಷ ಕಾಲು ಭಾಗ ಗಿಡ ಕಳೆದುಕೊಂಡಿದ್ದೇನೆ. ಆದರೆ ಕೋಲು, ಡ್ರಿಪ್ಪು ಎಲ್ಲ ಅದಕ್ಕೇ ತಂದದ್ದು, ಮಂಡಿಯವರು ಮುಂಗಡ ಕೊಡುವುದೂ ಅದಕ್ಕೇ. ಬದನೆ, ಮೆಣಸಿನಕಾಯಿ ಹಾಕಿದರೂ ಅದೇ ಕುಟುಂಬ, ರೋಗ ಬಿಡಲ್ಲ. ಹಾಗಾದರೆ ಅದೇ ಕೋಲು, ಅದೇ ಪೈಪಿಗೆ ಹೊಂದುವ ಬೇರೆ ಬೆಳೆ ಯಾವುದು? ಹೀರೆಕಾಯಿ? ಬಳ್ಳಿ ಹುರುಳಿಕಾಯಿ? ಒಂದು ಬೆಳೆ ಬಿಟ್ಟರೆ ಸಾಕಾ, ಎರಡು ಬಿಡಬೇಕಾ? ಭಾಷಣದಲ್ಲಿ ಇದು ಎರಡೇ ನಿಮಿಷದಲ್ಲಿ ಮುಗಿಯಿತು, ನಮ್ಮ ಸಾಲ ನಿಂತಿರುವುದೆಲ್ಲ ಇದರ ಮೇಲೆ.

ರಾಗಿ ಹಾಕೋಣ ಅಂದರೆ, ಬೆಂಬಲ ಬೆಲೆಗೆ ಮಾರಲು ಪಹಣಿ ಕೇಳುತ್ತಾರೆ. ಗುತ್ತಿಗೆ ಜಮೀನಿನ ಪಹಣಿ ನನ್ನ ಹೆಸರಲ್ಲಿ ಎಲ್ಲಿಂದ ಬರಬೇಕು? ಇದು ನಿಮ್ಮ ಕೈಯಲ್ಲಿಲ್ಲ, ಗೊತ್ತು, ಸುಮ್ನೆ ಹೇಳಿದೆ. ನಮ್ಮಜ್ಜಿ ರಾಗಿ ಜೊತೆ ಅಕ್ಕಡಿ ಸಾಲಲ್ಲಿ ಅವರೆ, ತೊಗರಿ, ಹುಚ್ಚೆಳ್ಳು ಬಿತ್ತುತ್ತಿದ್ದಳು. ಅದನ್ನೂ ಪರಿವರ್ತನೆ ಅಂತ ಲೆಕ್ಕ ಹಿಡಿಯಬಹುದಾ?

ಮುಂದಿನ ಶನಿವಾರ ಮತ್ತೆ ಬರುತ್ತೀರಂತೆ. ಸ್ವಂತದ ಮಣ್ಣು, ಗುತ್ತಿಗೆಯ ಮಣ್ಣು ಬೇರೆ ಬೇರೆ ಚೀಲದಲ್ಲಿ ತರುತ್ತೇನೆ. ಅರ್ಧ ಅಡಿ ಆಳದ್ದು ಸಾಕಲ್ವಾ?