ಡಿಸೆಂಬರ್ 1ರಿಂದ ಊಟಕ್ಕೆ 5 ರೂಪಾಯಿ ಜಾಸ್ತಿ

ನಮ್ಮ ಕ್ಯಾರಿಯರ್ ಊಟ ಮಾಡುವ ಎಲ್ಲ ಅಣ್ಣಂದಿರಿಗೆ, ಅಕ್ಕಂದಿರಿಗೆ, ಪಿಜಿ ಮಕ್ಕಳಿಗೆ ನಮಸ್ಕಾರ.

ವಿಷಯ ಮೊದಲೇ ಹೇಳಿಬಿಡುತ್ತೇನೆ. ಡಿಸೆಂಬರ್ 1ರಿಂದ ಒಂದು ಊಟಕ್ಕೆ 70ರ ಬದಲು 75 ರೂಪಾಯಿ. ತಿಂಗಳಿಗೆ 26 ಊಟದ ಲೆಕ್ಕದಲ್ಲಿ ಕೊಡುವವರಿಗೆ 1820 ಇದ್ದದ್ದು 1950 ಆಗುತ್ತದೆ. ಎರಡು ವರ್ಷದಿಂದ ರೇಟು ಮುಟ್ಟಿರಲಿಲ್ಲ, ಈಗ ಬೇರೆ ದಾರಿ ಕಾಣಲಿಲ್ಲ.

ಮುಖ್ಯ ಕಾರಣ ತೆಂಗಿನಕಾಯಿ. ತುಮಕೂರಿನಲ್ಲಿ ಕೂತು ಕಾಯಿ ದುಬಾರಿ ಅಂತ ಹೇಳೋಕೆ ನನಗೇ ಬೇಜಾರು, ಆದರೆ ತಿಪಟೂರು ಕಡೆಯ ನೆಂಟರ ತೋಟದಿಂದ ತರಿಸಿದರೂ ಈಗ ಒಂದು ಕಾಯಿಗೆ ಮುಂಚೆಗಿಂತ 20 ರೂಪಾಯಿ ಹೆಚ್ಚೇ ಕೊಡುತ್ತಿದ್ದೇವೆ, ನಮಗೆ ದಿನಕ್ಕೆ ಎಂಟು ಕಾಯಿ ಬೇಕು. ಒಂದು ವಾರ ಕಾಯಿ ಕಮ್ಮಿ ಮಾಡಿ, ಹುರಿಗಡಲೆ ಜಾಸ್ತಿ ಹಾಕಿ ನೋಡಿದೆವು. ಬಸ್ಸಾರಿನ ಖಾರ ರುಬ್ಬಿದ ನಮ್ಮ ಅತ್ತೆ ರುಚಿ ನೋಡಿ ಸೌಟು ಕೆಳಗಿಟ್ಟು, "ಇದನ್ನ ದುಡ್ಡು ತಗೊಂಡು ಯಾರಿಗೂ ಕೊಡಬೇಡಮ್ಮ" ಅಂದರು. ಅವತ್ತೇ ತೀರ್ಮಾನ ಆಯಿತು. ಊಟ ಕೆಡಿಸುವುದಕ್ಕಿಂತ ನಿಮ್ಮನ್ನು ಕೇಳುವುದೇ ಸರಿ ಅನ್ನಿಸಿತು.

ಚಪಾತಿ ಲಟ್ಟಿಸುವ ಅಕ್ಕನಿಗೆ ದೀಪಾವಳಿಯಿಂದ ತಿಂಗಳಿಗೆ 1000 ರೂಪಾಯಿ ಹೆಚ್ಚಿಸಿದ್ದೇವೆ. ಬೆಳಗ್ಗೆ ಐದಕ್ಕೇ ಬರುತ್ತಾರೆ, ಅದು ಅವರಿಗೆ ಸಲ್ಲಬೇಕಾದ ದುಡ್ಡು. 19 ಕೆಜಿ ಸಿಲಿಂಡರು, ಬಟವಾಡಿಯಿಂದ ಎಸ್.ಎಸ್.ಪುರಂ, ಶಿರಾ ಗೇಟ್ ತನಕ ಓಡಾಡುವ ಪೆಟ್ರೋಲು, ಇವೂ ಇದ್ದದ್ದೇ.

ಊಟದಲ್ಲಿ ಏನೂ ಬದಲಾಗುವುದಿಲ್ಲ. ಎರಡು ಮುದ್ದೆ ಇಲ್ಲಾ ಮೂರು ಚಪಾತಿ, ಅನ್ನ, ಸಾರು, ಪಲ್ಯ, ಮಜ್ಜಿಗೆ. ಬುಧವಾರ ಅವರೆಕಾಳು ಸಾರು, ಸೊನೆ ಅವರೆ ಸಿಗುವ ತನಕ. ಮುದ್ದೆ ಚಿಕ್ಕದಾಯಿತು ಅನ್ನಿಸಿದರೆ ಅವತ್ತೇ ಫೋನ್ ಮಾಡಿ ಹೇಳಿ.

ಡಿಸೆಂಬರ್ ದುಡ್ಡು ಈಗಾಗಲೇ ಕಟ್ಟಿರುವವರು ಇನ್ನೇನೂ ಕೊಡಬೇಡಿ, ನಿಮಗೆ ಜನವರಿಯಿಂದ ಹೊಸ ರೇಟು. ಪಿಜಿಯಲ್ಲಿ ಇದ್ದು ಓದುವ ಮಕ್ಕಳಿಗೆ ಈ ವರ್ಷದ ಪರೀಕ್ಷೆ ಮುಗಿಯುವ ತನಕ 70 ರೂಪಾಯಿಯೇ, ಇದನ್ನು ಅತ್ತೆ ಮೊದಲೇ ಹೇಳಿಬಿಟ್ಟಿದ್ದರು. ಬೇರೆ ಯಾರಿಗಾದರೂ ಈ ತಿಂಗಳು ಕಷ್ಟ ಅನ್ನಿಸಿದರೆ ಸುಮ್ನೆ ಊಟ ನಿಲ್ಲಿಸಬೇಡಿ. ಕ್ಯಾರಿಯರ್ ಕೊಡೋಕೆ ಬಂದಾಗ ನಮ್ಮ ಮನೆಯವರ ಹತ್ತಿರ ಒಂದು ಮಾತು ಹೇಳಿ, ಇಲ್ಲಾ ನನಗೆ ಮೆಸೇಜ್ ಹಾಕಿ, ನಾವು ನಾವೇ ಮಾತಾಡಿಕೊಳ್ಳೋಣ.

ಹನ್ನೆರಡು ಕ್ಯಾರಿಯರಿನಿಂದ ಶುರುವಾದ ಅಡುಗೆ ಇದು. ಈಗ ತೊಂಬತ್ತು ಹೋಗುತ್ತವೆ. ಬೋರ್ಡು ಹಾಕಿಲ್ಲ, ಜಾಹೀರಾತು ಕೊಟ್ಟಿಲ್ಲ, ಎಲ್ಲಾ ನೀವೇ ಒಬ್ಬರಿಗೊಬ್ಬರು ಹೇಳಿ ತಂದುಕೊಟ್ಟದ್ದು. ಅದಕ್ಕೇ ಬಿಲ್ಲಿನಲ್ಲಿ ಸದ್ದಿಲ್ಲದೆ ಅಂಕಿ ಬದಲಿಸಲು ಮನಸ್ಸು ಬರಲಿಲ್ಲ, ಈ ಕಾಗದ ಬರೆದು ಪ್ರತಿ ಕ್ಯಾರಿಯರಿನ ಜೊತೆ ಇಟ್ಟಿದ್ದೇವೆ.

ನಾಳೆ ಹುರುಳಿಕಾಳು ಬಸ್ಸಾರು. ಊಟ ಬೇಡದವರು ರಾತ್ರಿ ಒಂಬತ್ತರೊಳಗೆ ತಿಳಿಸಿ.

ಇಂತಿ,
ನಿಮ್ಮ ಬಟವಾಡಿ ಕ್ಯಾರಿಯರ್ ಊಟದ ಮನೆಯವರು