ಅರ್ಧ ಅನ್ನ

ಶಿವಮೊಗ್ಗದ ಮಂಡಿಯಿಂದ ಅಹಮದಾಬಾದಿನವರೆಗೆ ಅಡಿಕೆ ಮೂಟೆಗಳ ಲಾರಿ ಓಡಿಸುವ ಮಂಜಪ್ಪನಿಗೆ, ಸ್ಟೇರಿಂಗು ಹೊಟ್ಟೆಗೆ ತಾಗತೊಡಗಿದ ಮೇಲೆ, ಅದನ್ನು ಕರಗಿಸಲೇಬೇಕೆಂಬ ಹಟ ಹುಟ್ಟಿತು. ಹೊಟ್ಟೆಯ ಕೊಬ್ಬನ್ನಷ್ಟೇ ಬೇರೆಯಾಗಿ ಇಳಿಸುವ ಉಪಾಯವಿಲ್ಲ, ಒಟ್ಟು ಆಹಾರ ಕಡಿಮೆಯಾಗಿ ನಡಿಗೆ ಹೆಚ್ಚಬೇಕು ಎಂದು ತೀರ್ಥಹಳ್ಳಿಯ ವೈದ್ಯರು ಹೇಳಿದ್ದರು. ಬುತ್ತಿಯ ಕಡುಬು ಹರಿಹರ ದಾಟುವುದರೊಳಗೆ ಮುಗಿಯುತ್ತಿತ್ತು. ಮುಂದಿನದೆಲ್ಲ ಹೋಟೆಲಿನ ಊಟವೇ.

ಹಾವೇರಿಯ ಬಳಿಯ ಖಾನಾವಳಿಯಲ್ಲಿ ಅವನು ಮೊದಲ ಬಾರಿಗೆ ಸಂಕೋಚದಿಂದ ಕೇಳಿದ: "ಅಕ್ಕಾ, ಇವತ್ತು ಮಿರ್ಚಿ ಬೇಡ. ಎರಡು ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ ಜಾಸ್ತಿ ಹಾಕಿ, ಅನ್ನ ಅರ್ಧ ಸಾಕು."

"ಯಾಕೋ ತಮ್ಮಾ, ಮೈಯಾಗ ಆರಾಮಿಲ್ಲೇನು?"

ಉತ್ತರ ಕೇಳಿ ಆಕೆ ನಕ್ಕರೂ, ಹಸಿ ಸೌತೆಕಾಯಿ, ಮೆಂತ್ಯಸೊಪ್ಪನ್ನು ತಾನಾಗಿಯೇ ತಟ್ಟೆಗೆ ಸೇರಿಸಿದಳು. ಮಹಾರಾಷ್ಟ್ರದ ಢಾಬಾಗಳಲ್ಲಿ ಮಾತ್ರ, ಬೆಣ್ಣೆ ಬೇಡವೆಂದರೆ ಹುಡುಗರು ಅದನ್ನು ಸೌಜನ್ಯವೆಂದೇ ಭಾವಿಸಿ ದಾಲಿನ ಮೇಲೆ ಇನ್ನಷ್ಟು ಹಾಕುತ್ತಿದ್ದರು. ಅವನು ಅದನ್ನು ಚಮಚದಿಂದ ಬದಿಗೆ ಸರಿಸುತ್ತಿದ್ದ. ಎಲ್ಲಕ್ಕಿಂತ ಕಷ್ಟವಾದದ್ದು ಚಹಾ. ನಿಂತಲ್ಲೆಲ್ಲ ಕುಡಿಯುವ ಆ ಸಕ್ಕರೆ ಪಾಕವೇ (ಚಹಾ ಎನ್ನಲು ಮನಸ್ಸು ಬಾರದು) ಊಟಕ್ಕಿಂತ ದೊಡ್ಡ ಶತ್ರುವೆಂಬುದು ಅವನಿಗೆ ತಡವಾಗಿ ಹೊಳೆಯಿತು. ಸಕ್ಕರೆಯಿಲ್ಲದ ಚಹಾ ನಾಲಿಗೆಗೆ ಒಗ್ಗುವವರೆಗೆ ಅವನು ಕ್ಲೀನರ್ ಹುಡುಗನ ಮೇಲೆ ವಿನಾಕಾರಣ ರೇಗುತ್ತಿದ್ದ. ಟಯರುಗಳನ್ನು ಪರೀಕ್ಷಿಸುವ ನೆಪದಲ್ಲಿ ಪ್ರತಿ ನಿಲುಗಡೆಯಲ್ಲೂ ಲಾರಿಯ ಸುತ್ತ ಬಿರುಸಾಗಿ ನಡೆಯುವುದನ್ನೂ ರೂಢಿಸಿಕೊಂಡ.

ದೀಪಾವಳಿಯ ಹೊತ್ತಿಗೆ ಬೆಲ್ಟು ಎರಡು ತೂತು ಒಳಗೆ ಸರಿಯಿತು. ಮಂಜಪ್ಪ ಬೇಡವೆಂದ ಮಿರ್ಚಿ, ಬೆಣ್ಣೆ, ಉಳಿದರ್ಧ ಅನ್ನವನ್ನೆಲ್ಲ ವ್ಯರ್ಥವಾಗಬಾರದೆಂದು ತಿಂದ ಕ್ಲೀನರನು ಹೊಸ ಪ್ಯಾಂಟಿಗೆ ಮುಂಗಡ ಕೇಳುತ್ತಿದ್ದ.